ಕೊಟ್ಟೂರಪ್ಪನವರ ‘ಹೆಚ್ಚಾಗೈತಿ’

ಕೇಳಿರಿ, ತಾಯಂದಿರೇ, ಅಣ್ಣಂದಿರೇ. ಅಂಗಡಿಯಲ್ಲಿ ಕುಳಿತವರು ತಕ್ಕಡಿಯನ್ನು ಒಂದು ಗಳಿಗೆ ಕೆಳಗಿಟ್ಟು ಕೇಳಿರಿ. ಅಡುಗೆಮನೆಯಲ್ಲಿರುವವರು ಒಲೆಯ ಉರಿ ತಗ್ಗಿಸಿ ಕೇಳಿರಿ. ನಾನು ಇಂದು ಹೇಳಲಿರುವುದು ಯಾವ ಪುರಾಣಪುರುಷರ ಕಥೆಯೂ ಅಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿ ಅಕ್ಕಿ ಮಾರುವ ಒಬ್ಬ ಸಜ್ಜನರ ಕಥೆ. ಅವರು ದುರ್ಜನರಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಕೆಟ್ಟವರಿಂದ ಆಗುವ ಕೇಡಿಗೆ ಪೊಲೀಸರಿದ್ದಾರೆ, ಕಟಕಟೆಯಿದೆ. ಒಳ್ಳೆಯವರು ಬಾಯಿ ತುಂಬ ನಗುತ್ತ, ಚಹಾ ಕುಡಿಸುತ್ತ ಮಾಡುವ ಕೇಡಿಗೆ ಯಾರ ಬಳಿ ಹೋಗಿ ದೂರುವುದು?

ಅವರ ಹೆಸರು ಕೊಟ್ಟೂರಪ್ಪ. ಹುಟ್ಟಿದ್ದು ಕುರುಗೋಡಿನಲ್ಲಿ. ಅವರ ಅಣ್ಣ ಚನ್ನಬಸವರಾಜ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. ಅಲ್ಲಿಂದ ಬಂದ ಅಕ್ಕಿಯನ್ನು ಇವರು ಗಾಂಧಿನಗರದಲ್ಲಿ ಮಾರುತ್ತಾರೆ. ಅಂಗಡಿಯ ಲೆಕ್ಕ ಇಬ್ಬರದೂ ಕೂಡಿಯೇ ಇದೆ. ಬೆಳಿಗ್ಗೆ ಸ್ನಾನಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸದೆ ಕೊಟ್ಟೂರಪ್ಪನವರು ಅಂಗಡಿಯ ಬಾಗಿಲು ತೆಗೆದದ್ದನ್ನು ಈ ಬೀದಿ ಕಂಡಿಲ್ಲ. ಹಳೆಯ ಅಕ್ಕಿ ಎಂದು ಹೇಳಿ ಹೊಸ ಅಕ್ಕಿ ಕೊಟ್ಟದ್ದನ್ನೂ ಕಂಡಿಲ್ಲ. ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವ ಕೈ ಅವರದು. ಪ್ರವಚನ ಹೇಳುವ ನಾನೂ ಅವರಲ್ಲೇ ಅಕ್ಕಿ ಕೊಳ್ಳುವವನು; ಆ ಹಿಡಿಯ ಋಣ ನನ್ನ ಮೇಲೂ ಇದೆ. ಆದುದರಿಂದ ನಾನು ಹೇಳುವುದನ್ನು ಚಾಡಿಯೆಂದು ಎಣಿಸಬೇಡಿರಿ.

ಅವರಿಗಿರುವ ಕೊರತೆ ಒಂದೇ. ‘ಇಲ್ಲ’ ಎಂಬ ಎರಡಕ್ಷರ ಅವರ ನಾಲಗೆಗೆ ಬಾರದು.

ಇದಕ್ಕೊಂದು ಮೂಲವಿದೆ, ಮತ್ತು ಆ ಮೂಲ ಪವಿತ್ರವಾದುದೇ. ನಮ್ಮ ಕಡೆಯ ಹಿರಿಯರು ಅಕ್ಕಿಯ ಮಡಕೆ ಬರಿದಾದರೆ ‘ಅಕ್ಕಿ ಇಲ್ಲ’ ಎನ್ನುತ್ತಿರಲಿಲ್ಲ. ಅನ್ನಕ್ಕೆ ‘ಇಲ್ಲ’ ಎಂದರೆ ಮನೆಗೆ ಶ್ರೇಯಸ್ಸಲ್ಲವೆಂದು ‘ಅಕ್ಕಿ ಹೆಚ್ಚಾಗೈತಿ’ ಎನ್ನುತ್ತಿದ್ದರು. ಹೆಚ್ಚಾಗೈತಿ ಎಂದರೆ ಮುಗಿದಿದೆ ಎಂದೇ ಅರ್ಥ. ಕೇಳಿದವರೂ ಹಾಗೆಯೇ ತಿಳಿದು ಚೀಲ ಹಿಡಿದು ಸಂತೆಗೆ ಹೊರಡುತ್ತಿದ್ದರು. ದೀಪ ಆರಿಸುವುದನ್ನು ‘ದೀಪ ದೊಡ್ಡದು ಮಾಡು’ ಎಂದವರ ಮಕ್ಕಳು ನಾವು. ಕೊಟ್ಟೂರಪ್ಪನವರ ತಾಯಿ, ಅಕ್ಕಿ ಮಾರಲು ಹೊರಟ ಮಗನಿಗೆ, ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಎಂದೂ ‘ಇಲ್ಲ’ ಅನ್ನಬೇಡ ಎಂದು ಬುದ್ಧಿ ಹೇಳಿ ಕಳಿಸಿದ್ದರಂತೆ. ಆ ತಾಯಿ ಹೇಳಿದ್ದು ಅನ್ನದ ಮಾತು. ಮಗ ಅದನ್ನು ಸಕಲ ಪ್ರಪಂಚಕ್ಕೂ ಹಚ್ಚಿಕೊಂಡರು. ಸೋನಾಮಸೂರಿ ಮುಗಿದರೂ ‘ಹೆಚ್ಚಾಗೈತಿ’; ಚಿಲ್ಲರೆ ಮುಗಿದರೂ ‘ಹೆಚ್ಚಾಗೈತಿ’; ಯಾರಾದರೂ ಒಲ್ಲದ ಕೆಲಸಕ್ಕೆ ಕರೆದರೆ ‘ಆತು, ನೋಡೋಣು’. ಬೀದಿಯ ಹಳಬರಿಗೆ ಈ ಭಾಷೆ ಗೊತ್ತು. ‘ನೋಡೋಣು’ ಎಂದ ಕೂಡಲೇ ಅವರು ಚಪ್ಪಲಿ ಮೆಟ್ಟಿಕೊಂಡು ಮುಂದಿನ ಅಂಗಡಿಗೆ ನಡೆಯುತ್ತಾರೆ. ಗೊತ್ತಿಲ್ಲದವರು ಮಾತ್ರ ನಂಬಿ ನಿಲ್ಲುತ್ತಾರೆ.

ಹಾಗೆ ನಂಬಿ ನಿಂತವಳು ಶಾಂಭವಿ.

ಈಕೆ ಕುರುಗೋಡಿನ ಹುಡುಗಿ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪದವಿಯ ಕೊನೆಯ ವರ್ಷ. ದಿನವೂ ಬಸ್ಸಿನಲ್ಲಿ ಹೋಗಿಬರುವವಳು. ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಚಲನಚಿತ್ರ ಸಂಘವೊಂದಿದೆ. ಅಂತರ ಕಾಲೇಜು ಕಿರುಚಿತ್ರ ಸ್ಪರ್ಧೆಗೆ ತಾನು ಬರೆದ ಕಥೆಯನ್ನು ಚಿತ್ರ ಮಾಡಬೇಕೆಂಬುದು ಅವಳ ಹಂಬಲ. ಸೀಟು ಸಿಗದೆ ಬಸ್ಸಿನಲ್ಲಿ ನಿಂತೇ ಓದಿ ಪಾಸಾಗುವ ಒಬ್ಬ ಹುಡುಗಿಯ ಕಥೆ. ಅದು ತನ್ನದೇ ಕಥೆ ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮುಂದಿನ ವರ್ಷ ಅವಳು ಆ ಕಾಲೇಜಿನಲ್ಲಿ ಇರುವುದಿಲ್ಲ. ಈ ಸಲ ಆಗದಿದ್ದರೆ ಆ ಚಿತ್ರ ಎಂದಿಗೂ ಆಗದು.

ಸಂಘದ ಹೊಣೆ ಹೊತ್ತ ಉಪನ್ಯಾಸಕರು ಸತ್ಯಾತ್ಮ ಎಂಬವರು, ಶಿಸ್ತಿನ ಮನುಷ್ಯ. ಖರ್ಚಿನ ಅರ್ಧವನ್ನು ಕಾಲೇಜು ಕೊಡುತ್ತದೆ, ಉಳಿದರ್ಧಕ್ಕೆ ಹೊರಗಿನ ಪ್ರಾಯೋಜಕರೊಬ್ಬರು ಲಿಖಿತವಾಗಿ ಒಪ್ಪಿರಬೇಕು, ಆ ಒಪ್ಪಿಗೆ ಕಡತಕ್ಕೆ ಬಂದ ಮೇಲೆಯೇ ಕಾಲೇಜಿನ ಪಾಲು ಬಿಡುಗಡೆ ಎಂದು ಅವರು ಮೊದಲೇ ತಿಳಿಸಿದ್ದರು. ಕ್ಯಾಮೆರಾ ಬಾಡಿಗೆಗೆ ಕೊಡುವವರು ಮುಂಗಡವಿಲ್ಲದೆ ದಿನ ಹಿಡಿದಿಡುವುದಿಲ್ಲ. ಮದುವೆಯ ಮುಹೂರ್ತಗಳು ಶುರುವಾದವೆಂದರೆ ಊರಿನ ಒಂದು ಕ್ಯಾಮೆರಾವೂ ಕೈಗೆ ಸಿಗದು. ಆದ್ದರಿಂದ ಮುಹೂರ್ತಗಳಿಗಿಂತ ಮುಂಚೆಯೇ ಎಲ್ಲ ನಡೆಯಬೇಕಿತ್ತು.

ಪ್ರಾಯೋಜಕರಿಗೆ ಕೊಡುವ ಪತ್ರವನ್ನು ಮಕ್ಕಳು ಚೆನ್ನಾಗಿಯೇ ಬರೆದಿದ್ದರು. ಕಾಲೇಜಿನ ಹೆಸರಿರುವ ಕಾಗದ, ಸತ್ಯಾತ್ಮರ ಸಹಿ, ಪ್ರಾಂಶುಪಾಲರ ಸಹಿ ಮತ್ತು ಮೊಹರು. ಚಿತ್ರದ ಕಥೆ ನಾಲ್ಕು ಸಾಲಿನಲ್ಲಿ. ಅಂದಾಜು ಖರ್ಚಿನ ಪಟ್ಟಿ ಜೊತೆಗೆ. ಮುಖ್ಯ ಪ್ರಾಯೋಜಕರು ಒಬ್ಬರೇ ಇರುವರು. ಅವರ ಅಂಗಡಿಯ ಹೆಸರು ಚಿತ್ರದ ಮೊದಲಲ್ಲಿ, ಭಿತ್ತಿಪತ್ರದಲ್ಲಿ ಮತ್ತು ಪ್ರದರ್ಶನದ ದಿನ ಬ್ಯಾನರಿನಲ್ಲಿ ಬರುವುದು. ಹಣವನ್ನು ಕಾಲೇಜಿನ ಖಾತೆಗೆ ಚೆಕ್ಕಿನ ಮೂಲಕ ಕೊಡತಕ್ಕದ್ದು, ರಸೀದಿ ಕೊಡಲಾಗುವುದು. ಇಷ್ಟು ಸ್ಪಷ್ಟವಾದ ಪತ್ರಕ್ಕೆ ಸಿಗಬೇಕಾದದ್ದು ಅಷ್ಟೇ ಸ್ಪಷ್ಟವಾದ ಉತ್ತರವಲ್ಲವೇ?

ಶಾಂಭವಿ ಮತ್ತು ಅವಳ ಸಹಪಾಠಿ ಹಂಪೇಶ್ ಪತ್ರ ಹಿಡಿದು ಅಂಗಡಿಗೆ ಬಂದರು. ಹಂಪೇಶ್ ಬಳ್ಳಾರಿಯದೇ ಹುಡುಗ. ಕ್ಯಾಮೆರಾ ಹಿಡಿಯುವ ಕೆಲಸ ಅವನದು, ಬಾಯಿ ಹಿಡಿಯುವ ಅಭ್ಯಾಸ ಅವನಿಗಿಲ್ಲ. ಕೊಟ್ಟೂರಪ್ಪನವರು ಇಬ್ಬರನ್ನೂ ಕೂಡಿಸಿ, ಚಹಾ ತರಿಸಿ, ಕನ್ನಡಕ ಏರಿಸಿ, ಪತ್ರವನ್ನು ಗಟ್ಟಿಯಾಗಿ ಓದತೊಡಗಿದರು. ಒಂದು ಪದದ ಹತ್ತಿರ ನಿಂತರು.

“ಕಿರು... ಕಿರುಚಿತ್ರ. ಏನವ್ವ ತಂಗಿ, ಕಿರುಚೋ ಚಿತ್ರ ಏನಿದು? ದೆವ್ವದ್ದೇನು?”

“ಸಣ್ಣ ಚಿತ್ರ ಅಂತ್ರಿ,” ಎಂದಳು ಶಾಂಭವಿ, ನಗು ತಡೆದುಕೊಂಡು.

“ನಮ್ಮ ಬಜೆಟ್ ನೋಡಿದವ್ರು ಕಿರುಚ್ತಾರ ಅಂಕಲ್, ಅಷ್ಟ,” ಎಂದ ಹಂಪೇಶ್.

ಅವರಿಗೆ ಖುಷಿಯಾಯಿತು. ಹುಡುಗಿ ಕುರುಗೋಡಿನವಳೆಂದು ತಿಳಿದಾಗ ಇನ್ನಷ್ಟು ಖುಷಿಯಾಯಿತು. ಯಾರ ಮನೆ, ಯಾವ ಓಣಿ, ಅಜ್ಜನ ಹೆಸರೇನು ಎಂದು ವಿಚಾರಿಸಿ, ತನ್ನನ್ನು ದೊಡ್ಡಪ್ಪ ಎಂದೇ ಕರೆ ಎಂದರು. ಪತ್ರವನ್ನು ಮಡಿಚಿ, ಕಣ್ಣಿಗೊತ್ತಿಕೊಂಡು, ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಆ ವರ್ಷ ಇಂಥ ಕಾರ್ಯಗಳಿಗೆಂದು ಅಣ್ಣತಮ್ಮ ತೆಗೆದಿಟ್ಟಿದ್ದ ಹಣವೆಲ್ಲ ರೂಪನಗುಡಿಯ ಶಾಲೆಯೊಂದರ ಚಾವಣಿಗೆ ಆಗಲೇ ಹೋಗಿತ್ತು. ಹೇಳಬೇಕಾದದ್ದು ಇಷ್ಟೇ. ಅದನ್ನು ಅವರು ಹೇಳಿಯೂ ಹೇಳಿದರು, ತಮ್ಮ ಭಾಷೆಯಲ್ಲಿ.

“ಧರ್ಮದ ಕೆಲಸಕ್ಕ ತೆಗೆದಿಟ್ಟಿದ್ದು ಈ ಸಲ ಹೆಚ್ಚಾಗೈತವ್ವ. ಆತು, ನೋಡೋಣು.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಮನೆಗಳಲ್ಲಿ ಅಕ್ಕಿ ಚೀಲದಲ್ಲಿ ಬರುತ್ತದೆ. ಮುಗಿದರೆ ‘ಖಾಲಿ’ ಎನ್ನುತ್ತಾರೆ. ಹೆಚ್ಚಾಗಿದೆ ಎಂದರೆ ಅವರಿಗೆ ಹೆಚ್ಚಾಗಿದೆ ಎಂದೇ ಅರ್ಥ. ದೊಡ್ಡಪ್ಪನ ಬಳಿ ದಾನದ ಹಣ ಖರ್ಚಾಗದೆ ತುಂಬಿ ತುಳುಕುತ್ತಿದೆ, ಎಲ್ಲಿ ಕೊಡುವುದೆಂದು ದಾರಿ ಕಾಣದೆ ಕುಳಿತಿದ್ದಾರೆ ಎಂದು ತಿಳಿದು ಇಬ್ಬರೂ ಕೈಮುಗಿದು, ಹಾರುತ್ತ ಕಾಲೇಜಿಗೆ ಹೋದರು.

ಸತ್ಯಾತ್ಮ ಹಾರಲಿಲ್ಲ. ಒಪ್ಪಿಗೆ ಬರಹದಲ್ಲಿ ಬರಲಿ, ಅಲ್ಲಿಯವರೆಗೆ ಯಾರ ಹೆಸರನ್ನೂ ಎಲ್ಲಿಯೂ ಹಾಕಬೇಡಿ ಎಂದರು. ಎರಡು ಸಾಲಿನ ಒಪ್ಪಿಗೆಯನ್ನು ತಾವೇ ಟೈಪು ಮಾಡಿಸಿ, ಅಂಗಡಿಯ ಮೊಹರು ಮತ್ತು ಸಹಿ ತನ್ನಿರೆಂದು ಶಾಂಭವಿಯ ಕೈಗೆ ಕೊಟ್ಟರು.

ಇಲ್ಲಿಂದ ಶುರುವಾಯಿತು ನೋಡಿರಿ, ಆ ಮಗುವಿನ ಪ್ರದಕ್ಷಿಣೆ.

ಸೋಮವಾರ ಹೋದರೆ, ಅಮಾವಾಸ್ಯೆ ಹತ್ತಿರ ಬಂತು, ಕಳೆಯಲಿ ಎಂದರು. ಅಮಾವಾಸ್ಯೆ ಕಳೆಯಿತು. ಬೆಳಿಗ್ಗೆ ಹೋದರೆ ಇನ್ನೂ ಬೋಣಿಯಾಗಿರಲಿಲ್ಲ. ಮೊದಲ ವ್ಯಾಪಾರಕ್ಕಿಂತ ಮುಂಚೆ ಕೊಡುವ ಮಾತು ಎತ್ತಬಾರದಂತೆ. ಸಂಜೆ ಹೋದರೆ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದಂತೆ. ಮಂಗಳವಾರ ಬೇಡ, ಶುಕ್ರವಾರ ಬೇಡ. ನಡುವಿನ ಒಂದು ದಿನ ಮಧ್ಯಾಹ್ನ, ಬೋಣಿಯಾದ ಮೇಲೆ ಮತ್ತು ದೀಪಕ್ಕೆ ಮುಂಚೆ, ಅವಳು ತರಗತಿ ತಪ್ಪಿಸಿ ಬಂದರೆ, ಅಣ್ಣ ಸಿರುಗುಪ್ಪದಿಂದ ಬರಲಿ, ಒಂದು ಮಾತು ಕೇಳಿ ಮೊಹರು ಒತ್ತುತ್ತೇನೆ ಎಂದರು. ಅಣ್ಣ ಬಂದರು, ಲಾರಿಯಿಂದ ಅಕ್ಕಿ ಇಳಿಸಿದರು, ಹೋದರು. ಕೊಟ್ಟೂರಪ್ಪನವರು ಅವರ ಮುಂದೆ ಪತ್ರದ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದರೆ ಅಣ್ಣ ‘ಬೇಡ’ ಎನ್ನುತ್ತಾರೆ. ಆ ‘ಬೇಡ’ವನ್ನು ಹುಡುಗಿಗೆ ತಲುಪಿಸುವ ಕರ್ಮ ತಮಗೇ ಬರುತ್ತದೆ.

ಪ್ರತಿ ಸಲವೂ ಚಹಾ. ಪ್ರತಿ ಸಲವೂ, “ಊರಾಗ ಎಲ್ಲಾರೂ ಆರಾಮದಾರಾ?” ನನ್ನ ದೇವರೇ! ಒಮ್ಮೆ ಗದರಿದ್ದರೂ ಅವಳು ಬಿಟ್ಟುಹೋಗುತ್ತಿದ್ದಳು. ಪ್ರೀತಿಯಿಂದ ಕಟ್ಟಿಹಾಕಿದರೆ ಬಿಡಿಸಿಕೊಳ್ಳುವುದು ಹೇಗೆ?

ಇದೇ ಸಮಯದಲ್ಲಿ ಕೌಲ್ ಬಜಾರಿನಲ್ಲಿ ಬೇಕರಿ ಇಟ್ಟಿರುವ ವೀರೇಶ್ ಎಂಬವರು ತಾವಾಗಿಯೇ ಮುಂದೆ ಬಂದರು. ಅವರ ಮಗಳು ಅದೇ ಕಾಲೇಜಿನಲ್ಲಿ ಓದುತ್ತಾಳೆ. ಮುಖ್ಯ ಪ್ರಾಯೋಜಕನಾಗುತ್ತೇನೆ, ಆದರೆ ಎರಡನೆಯ ಹೆಸರಾಗುವುದಿಲ್ಲ ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಜಂಬದ ಮಾತಿರಬಹುದು, ಆದರೆ ಗಂಟೆಯಷ್ಟು ಸ್ಪಷ್ಟವಾದ ಮಾತು. ಹಂಪೇಶ್ ಈಗಲೇ ಹೂಂ ಅನ್ನೋಣ ಎಂದ. ಶಾಂಭವಿ ಒಪ್ಪಲಿಲ್ಲ. ಮೊದಲು ಕೇಳಿದ್ದು ದೊಡ್ಡಪ್ಪನನ್ನು. ಅವರು ಆಗಲಿ ಎಂದಿದ್ದಾರೆ. ಕೊಡುವವರನ್ನು ಕೂಡಿಸಿಟ್ಟು ಇನ್ನೊಬ್ಬರ ಬಳಿ ಕೈಚಾಚುವುದು ಮರ್ಯಾದೆಯಲ್ಲ ಎಂದಳು. ಎಂಥ ಸಂಸ್ಕಾರ! ಆ ಸಂಸ್ಕಾರವೇ ಅವಳನ್ನು ಮುಳುಗಿಸಲು ಹೊರಟಿತ್ತು.

“ನಿಮ್ಮ ದೊಡ್ಡಪ್ಪನ ಹೆಸರಾಗ ‘ಕೊಟ್ಟ’ ಅಂತ ಐತಿ,” ಎಂದು ಹಂಪೇಶ್ ಕಿಚಾಯಿಸಿದ. “ಕೊಡ್ತಾನ ಅಂತ ಎಲ್ಲೈತಿ ತೋರಿಸು.”

ಕಿಚಾಯಿಸಿದವನೇ ಮರುದಿನ ಅನಾಹುತ ಮಾಡಿದ. ಸತ್ಯಾತ್ಮರ ಮಾತು ಮೀರಿ ಒಂದು ಭಿತ್ತಿಪತ್ರ ಸಿದ್ಧಪಡಿಸಿ, ಬಸ್ಸಿನ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತ ಹುಡುಗಿಯ ಚಿತ್ರ ಹಾಕಿ, ಕೆಳಗೆ ‘ಮುಖ್ಯ ಪ್ರಾಯೋಜಕರು’ ಎಂದು ಕೊಟ್ಟೂರಪ್ಪನವರ ಅಂಗಡಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಮೊಬೈಲಿನಲ್ಲಿ ಹರಿಯಬಿಟ್ಟ. ಹೀಗೆ ಮಾಡಿದರಾದರೂ ಅಂಕಲ್ ನಾಚಿಕೊಂಡು ಸಹಿ ಹಾಕುತ್ತಾರೆ ಎಂಬುದು ಅವನ ಲೆಕ್ಕ.

ಭಿತ್ತಿಪತ್ರ ಮೊದಲು ಮುಟ್ಟಿದ್ದು ಕೌಲ್ ಬಜಾರನ್ನು. ಇನ್ನೊಬ್ಬರು ಕುಳಿತೆದ್ದ ಎಂಜಲು ಜಾಗ ತನಗೆ ಬೇಡವೆಂದು ವೀರೇಶ್ ಸಿಟ್ಟಿನಿಂದ ಹೇಳಿಕಳಿಸಿದರು. ಅನಂತರ ಅದು ಸಿರುಗುಪ್ಪ ಮುಟ್ಟಿತು. ಚನ್ನಬಸವರಾಜ ಗಿರಣಿಯ ಸದ್ದಿನ ನಡುವೆಯೇ ಫೋನು ಹಚ್ಚಿದರು. ಈ ಸಂಭಾಷಣೆಯನ್ನು ಕೊಟ್ಟೂರಪ್ಪನವರೇ ನನಗೆ ವಿವರವಾಗಿ ಹೇಳಿದ್ದಾರೆ, ತಾವೇ ಅನ್ಯಾಯಕ್ಕೊಳಗಾದವರೆಂಬ ಧ್ವನಿಯಲ್ಲಿ.

“ಲೇ ಕೊಟ್ಟೂರ, ಸಿನಿಮಾ ತಗಿಯಾಕ ಹತ್ತಿಯಂತ. ನನಗೊಂದ್ ಮಾತು ಹೇಳಬಾರ್ದೇನು?”

“ಅಯ್ಯೋ ಅಣ್ಣಾ, ನಾ ಎಲ್ಲಿ... ಹುಡುಗ್ರು ಬಂದಿದ್ರು. ಹೆಚ್ಚಾಗೈತಿ ಅಂತ ಅವತ್ತಾ ಹೇಳೀನಿ.”

“ಯಾರಿಗೆ ಹೇಳಿದಿ? ಕಾಲೇಜ್ ಹುಡುಗ್ರಿಗೆ? ಅವ್ರಿಗೆ ಅದೇನು ತಿಳೀತೈತಿ? ಇಲ್ಲ ಅನ್ನಾಕ ನಿನ್ನ ಬಾಯಿಗೇನು ಬೆಲ್ಲ ಮೆತ್ತಿತ್ತಾ?”

ಹೆಸರು ತೆಗೆಸು ಎಂದು ಹೇಳಿ ಅಣ್ಣ ಫೋನಿಟ್ಟರು. ತೆಗೆಸು ಎಂದರೆ ಯಾರಿಗಾದರೂ ಬಾಯಿಬಿಟ್ಟು ಹೇಳಬೇಕಲ್ಲ! ಕೊಟ್ಟೂರಪ್ಪನವರು ಆ ದಿನ ಮಧ್ಯಾಹ್ನ ಊಟಕ್ಕೆ ಹೋದವರು ಅಂಗಡಿಗೆ ಮರಳಲಿಲ್ಲ. ತಲೆನೋವೆಂದು ಮಲಗಿ, ಹೆಂಡತಿ ದೊಡ್ಡಬಸಮ್ಮನವರನ್ನು ಗದ್ದುಗೆಯ ಮೇಲೆ ಕೂಡಿಸಿದರು. ಹುಡುಗಿ ಬಂದರೆ ಏನು ಹೇಳಲಿ ಎಂದು ಆಕೆ ಕೇಳಿದ್ದಕ್ಕೆ, ಹೊದಿಕೆಯೊಳಗಿನಿಂದ ಬಂದ ಉತ್ತರ: ನೋಡೋಣು ಅನ್ನು.

ಮರುದಿನ ಕೊಟ್ಟೂರಪ್ಪನವರು ಅಂಗಡಿಗೆ ಮರಳಿದ್ದರು; ಶಾಂಭವಿ ಒಬ್ಬಳೇ ಬಂದಳು. ಕ್ಯಾಮೆರಾದವರು ಅಂದೇ ಸಂಜೆಯೊಳಗೆ ಮುಂಗಡ ಕೇಳಿದ್ದರು. ತಪ್ಪಿದರೆ ಮದುವೆಯವರಿಗೆ ಕೊಡುತ್ತೇವೆ ಎಂದಿದ್ದರು. ಸತ್ಯಾತ್ಮ ಬೆಳಿಗ್ಗೆಯೇ ಹಂಪೇಶನನ್ನು ಬೈದು ಭಿತ್ತಿಪತ್ರ ಅಳಿಸಿಹಾಕಿಸಿ, ಒಪ್ಪಿಗೆ ಸಂಜೆಯೊಳಗೆ ಬಾರದಿದ್ದರೆ ಈ ವರ್ಷ ಸಂಘದಿಂದ ಚಿತ್ರವಿಲ್ಲವೆಂದು ಹೇಳಿಬಿಟ್ಟಿದ್ದರು. ಇಷ್ಟನ್ನೂ ಆಕೆ ನಿಂತುಕೊಂಡೇ ಹೇಳಿದಳು. ಕೂತುಕೊಳ್ಳೆಂದರೂ ಕೂರಲಿಲ್ಲ, ಚಹಾ ಬೇಡವೆಂದಳು. ಕೊಟ್ಟೂರಪ್ಪನವರು ತಕ್ಕಡಿಯ ತಟ್ಟೆಯನ್ನು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

“ಆತು ತಂಗಿ, ಅದೇನು ದೊಡ್ಡ ಮಾತು... ನೋ...”

“ರೀ,” ಎಂದರು ದೊಡ್ಡಬಸಮ್ಮ. ಒಳಬಾಗಿಲಲ್ಲಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದವರು ಕೈ ನಿಲ್ಲಿಸಿದ್ದರು. “ಆ ಹುಡಿಗಿಗೆ ತಿಳಿಯೋ ಕನ್ನಡದಾಗ ಹೇಳ್ರಿ. ನೀವು ಅಂದಿದ್ದು ಒಂದು, ಆಕಿ ಕೇಳಿದ್ದೊಂದು. ಹೆಚ್ಚಾಗೈತಿ ಅಂದ್ರ ಏನಂತ ಆಕಿನ್ನ ಕೇಳ್ರಿ ಮೊದ್ಲು.”

ಕೊಟ್ಟೂರಪ್ಪನವರು ಕೇಳಲಿಲ್ಲ. ದೊಡ್ಡಬಸಮ್ಮನೇ ಕೇಳಿದರು. ಬಹಳ ಇದೆ ಅಂತ ಅಲ್ಲವೇನಮ್ಮಾ ಎಂದಳು ಶಾಂಭವಿ. ದೊಡ್ಡಬಸಮ್ಮ ಹಳೆಯವರ ರೂಢಿಯನ್ನು ಬಿಡಿಸಿ ಹೇಳಿದರು: ಅನ್ನದ ವಿಷಯದಲ್ಲಿ ಹಾಗನ್ನುತ್ತಾರೆ, ಮುಗಿದಿದೆ ಎಂದು ಅರ್ಥ, ಇವರು ರೊಕ್ಕಕ್ಕೂ ಹಾಗೇ ಅಂದಿದ್ದಾರೆ, ರೊಕ್ಕ ಆಗಲೇ ರೂಪನಗುಡಿಗೆ ಹೋಗಿ ಮುಗಿದಿದೆ.

ಹುಡುಗಿ ಕೈಯಲ್ಲಿದ್ದ ಒಪ್ಪಿಗೆಯ ಕಾಗದವನ್ನು ಮಡಿಚಿದಳು. ಅಳುತ್ತಾಳೆಂದು ಕೊಟ್ಟೂರಪ್ಪನವರು ಹೆದರಿದರು. ಅವಳು ಅಳಲಿಲ್ಲ.

“ಅಂದ್ರ ಮೊದಲ್ನೇ ದಿನಾನ ನೀವು ಇಲ್ಲ ಅಂದಿದ್ರಿ, ದೊಡ್ಡಪ್ಪ?”

“ಅಂದಂಗಾ ಆತು ತಂಗಿ... ನಿನ್ನ ಮನಸ್ಸು ನೋಯಬಾರ್ದು ಅಂತ...”

“ನೋಯಿಸಿದ್ರ ಒಂದ್ ದಿನ ಅಳ್ತಿದ್ದೆ. ಮುಂದ ಬೇಕರಿಯವ್ರು ಬಂದಾಗ ಹೂಂ ಅಂತಿದ್ದೆ. ನಿಮ್ಮ ಹೂಂ ನನಗ ಬೇಕಿರ್ಲಿಲ್ಲ ದೊಡ್ಡಪ್ಪ. ನಿಮ್ಮ ‘ಇಲ್ಲ’ ಕೊಟ್ಟಿದ್ರೂ ನನ್ನ ಸಿನಿಮಾ ಆಗ್ತಿತ್ತು. ಅದನ್ನೂ ಕೊಡ್ಲಿಲ್ಲ ನೀವು.”

ನಾನು ಎಷ್ಟೋ ಊರುಗಳಲ್ಲಿ, ಎಷ್ಟೋ ಸಂಜೆ ಸತ್ಯದ ಬಗ್ಗೆ ಮಾತಾಡಿದ್ದೇನೆ. ಶರಣರ ನಡೆಯನ್ನೂ ನುಡಿಯನ್ನೂ ವಿವರಿಸಿದ್ದೇನೆ. ಕೊಟ್ಟೂರಪ್ಪನವರು ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದ್ದಾರೆ. ತಲೆದೂಗಿ ಎದ್ದುಹೋಗಿ ಮತ್ತೆ ‘ನೋಡೋಣು’ ಎಂದಿದ್ದಾರೆ. ನನ್ನ ಅಷ್ಟು ಮಾತಿಗೂ ಆಗದ್ದು ಆ ಮಗುವಿನ ಈ ಮಾತಿಗೆ ಆಯಿತು. ಸುಳ್ಳಾಡಿದರೆ ಪಾಪವೆಂದು ಅವರಿಗೆ ಗೊತ್ತಿತ್ತು. ನಿಜವನ್ನು ಅರಳೆಯಲ್ಲಿ ಸುತ್ತಿ ಕೊಟ್ಟರೂ ಅದು ಇನ್ನೊಬ್ಬರ ಅನ್ನ ಕಸಿಯಬಲ್ಲದೆಂದು ಗೊತ್ತಿರಲಿಲ್ಲ.

ಅವರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಔಡಲೆಣ್ಣೆ ಕುಡಿಯುವ ಮುಖ ಮಾಡಿಕೊಂಡು, ದೊಡ್ಡಬಸಮ್ಮನ ಕಡೆ ಒಮ್ಮೆ ನೋಡಿ, ಹೇಳಿದರು.

“ಇಲ್ಲವ್ವ. ರೊಕ್ಕ ಇಲ್ಲ. ನನ್ನ ಕಡಿಂದ ಆಗೂದಿಲ್ಲ.”

ಅಂಗಡಿಯ ಮಾಡು ಕುಸಿಯಲಿಲ್ಲ. ಲಕ್ಷ್ಮಿ ಎದ್ದುಹೋಗಲಿಲ್ಲ. ಹೊರಗೆ ನಿಂತಿದ್ದ ಗಿರಾಕಿಯೊಬ್ಬಳು ಅಕ್ಕಿ ಕೇಳಿದಳು, ಅಷ್ಟೇ.

ಆದರೆ ಅಷ್ಟಕ್ಕೆ ಹುಡುಗಿಯ ಸಂಕಟ ತೀರಲಿಲ್ಲ. ತಡವಾಗಿ ಬಂದ ‘ಇಲ್ಲ’ದಿಂದ ಕ್ಯಾಮೆರಾ ಬಾರದು. ಕಟ್ಟಿದ ಗಂಟನ್ನು ಕಟ್ಟಿದವರೇ ಬಿಚ್ಚಬೇಕು ಎಂದರು ದೊಡ್ಡಬಸಮ್ಮ. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಶಾಂಭವಿಯನ್ನು ಆಟೋದಲ್ಲಿ ಕೂಡಿಸಿಕೊಂಡು ಕೊಟ್ಟೂರಪ್ಪನವರು ಕೌಲ್ ಬಜಾರಿಗೆ ಹೋದರು. ಬೇಕರಿಯಲ್ಲಿ ಗಿರಾಕಿಗಳು ತುಂಬಿದ್ದರು. ವೀರೇಶ್ ಇವರನ್ನು ನೋಡಿ ಎದ್ದು ಬರಲಿಲ್ಲ.

“ಬರ್ರಿ ಮುಖ್ಯ ಪ್ರಾಯೋಜಕರ,” ಎಂದರು ಗಾಜಿನ ಪೆಟ್ಟಿಗೆಯ ಆಚೆಯಿಂದ. “ಸಿನಿಮಾ ಎಲ್ಲಿಗೆ ಬಂತು? ನನಗೊಂದ್ ಟಿಕೆಟ್ ಕೊಡ್ತೀರೇನು?”

ಗಿರಾಕಿಗಳು ನಕ್ಕರು. ಕೊಟ್ಟೂರಪ್ಪನವರು ಎಲ್ಲರ ಮುಂದೆಯೇ, ಆ ಜಾಗ ನನ್ನದಲ್ಲ, ನಾನು ಕೊಡುವವನೂ ಆಗಿರಲಿಲ್ಲ, ಕೊಡುವುದಿಲ್ಲ ಎಂದು ಈ ಮಗುವಿಗೆ ಸರಿಯಾಗಿ ಹೇಳಲೂ ಇಲ್ಲ, ತಪ್ಪು ನನ್ನದೇ, ಇವಳದಲ್ಲ ಎಂದರು. ಆ ಜಾಗದಲ್ಲಿ ಯಾರೂ ಕುಳಿತಿಲ್ಲ, ಆದ್ದರಿಂದ ಎಂಜಲೂ ಆಗಿಲ್ಲ ಎಂದೂ ಹೇಳಿದರು. ವೀರೇಶ್ ಸುಲಭಕ್ಕೆ ಕರಗಲಿಲ್ಲ. ತನ್ನ ಹೆಸರು ಹಾಕಿದ ಹೊಸ ಭಿತ್ತಿಪತ್ರ ಆಗಬೇಕು, ಹಳೆಯದನ್ನು ನೋಡಿದವರಿಗೆಲ್ಲ ಅದು ಮುಟ್ಟಬೇಕು ಎಂದರು. ಮೊದಲು ಹೇಳಿದಷ್ಟು ಈಗ ಕೊಡಲಾಗದು, ಅದರಲ್ಲಿ ಸ್ವಲ್ಪ ಕೇಕಿನ ಒಲೆಯ ದುರಸ್ತಿಗೆ ಹೋಯಿತು ಎಂದರು. ಎಷ್ಟು ಕೊಡುತ್ತೇನೆ, ಯಾವಾಗ ಕೊಡುತ್ತೇನೆ ಎಂಬುದನ್ನೂ ಅಲ್ಲಿಯೇ ಹೇಳಿ, ಸತ್ಯಾತ್ಮ ಟೈಪು ಮಾಡಿಸಿದ್ದ ಒಪ್ಪಿಗೆಯಲ್ಲಿ ಅಕ್ಕಿ ಅಂಗಡಿಯ ಹೆಸರು ಹೊಡೆದು ತಮ್ಮದು ಬರೆಯಲು ಹೊರಟರು. ಶಾಂಭವಿ ತಡೆದಳು: ತಿದ್ದಿದ ಕಾಗದ ಕಡತಕ್ಕೆ ನಡೆಯುವುದಿಲ್ಲ, ಸರ್ ಒಪ್ಪುವುದಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹೊಸದು ಟೈಪಾಯಿತು. ಮೊಹರು ಬಿತ್ತು, ಸಹಿ ಬಿತ್ತು. ಕಾಲೇಜಿನ ಹೆಸರಿಗೆ ಚೆಕ್ಕು ಬರೆದುಕೊಟ್ಟು, ರಸೀದಿ ಮರೆಯಬೇಡಿರೆಂದು ಅವರು ಎಚ್ಚರಿಸಿದರು. ಸಂಜೆಯೊಳಗೆ ಒಪ್ಪಿಗೆ ಸತ್ಯಾತ್ಮರ ಕಡತ ಸೇರಿತು, ಕಾಲೇಜಿನ ಪಾಲಿನಿಂದ ಕ್ಯಾಮೆರಾಕ್ಕೆ ಮುಂಗಡ ಹೋಯಿತು.

ಹಣ ಕಡಿಮೆಯಾದದ್ದರಿಂದ ಚಿತ್ರೀಕರಣಕ್ಕೆಂದು ಪ್ರತ್ಯೇಕ ಬಸ್ಸು ಹಿಡಿಯುವ ಯೋಚನೆಯನ್ನು ಬಿಡಬೇಕಾಯಿತು. ಬಸ್ಸಿನವರ ಅನುಮತಿ ಪಡೆದು, ಜನ ತುಂಬಿದ ಕುರುಗೋಡಿನ ಬಸ್ಸಿನಲ್ಲೇ ಚಿತ್ರೀಕರಿಸಿದರು. ಹಂಪೇಶನ ಮೊಣಕೈ ಯಾರದೋ ಬುಟ್ಟಿಗೆ ತಗುಲಿ ಚಿತ್ರದಲ್ಲಿ ಒಂದು ಕಡೆ ಇಡೀ ಬಸ್ಸೇ ಅಲುಗಾಡುತ್ತದೆ. ಸ್ಪರ್ಧೆಯಲ್ಲಿ ಬಹುಮಾನವೇನೂ ಬರಲಿಲ್ಲ. ಆದರೆ ಚಿತ್ರ ಆಯಿತು. ಕಾಲೇಜಿನ ಸಭಾಂಗಣದಲ್ಲಿ ಅದನ್ನು ತೋರಿಸಿದ ದಿನ ಶಾಂಭವಿಯ ತಾಯಿ ಕುರುಗೋಡಿನಿಂದ ಬಂದು, ಮಗಳ ಹೆಸರು ತೆರೆಯ ಮೇಲೆ ಮೂಡಿದಾಗ ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದರಂತೆ.

ಕೊಟ್ಟೂರಪ್ಪನವರು ಪೂರ್ತಿ ಬದಲಾದರೆಂದು ಹೇಳಿದರೆ ನಾನೂ ಅವರಂತೆಯೇ ಮಾತು ಸುತ್ತಿದಂತಾಗುತ್ತದೆ. ಮೊನ್ನೆ ನಮ್ಮ ಸತ್ಸಂಗಕ್ಕೆ ಜಮಖಾನೆ ಕೇಳಲು ಹೋದಾಗ ಅವರ ತುಟಿಯ ಮೇಲೆ ಅದೇ ಹಳೆಯ ಮಾತು ಬಂದು ಕುಳಿತಿತ್ತು. ಒಳಗಿನಿಂದ ದೊಡ್ಡಬಸಮ್ಮ ಕೆಮ್ಮಿದರು. ಇವರು ಬೆವರು ಒರೆಸಿಕೊಂಡು, ಜಮಖಾನೆ ಕೊಡಲಾಗುವುದಿಲ್ಲ, ಇಲಿ ಕಡಿದಿದೆ ಎಂದರು. ನಾನು ಹತ್ತೇ ನಿಮಿಷದಲ್ಲಿ ಇನ್ನೊಂದು ಮನೆಯಿಂದ ತಂದೆ.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಅಂಗಡಿಗೂ ನಾಳೆ ಯಾವುದೋ ಮಗು ಕಾಲೇಜಿನ ಮೊಹರಿರುವ ಪತ್ರ ಹಿಡಿದು ಬಂದೀತು. ಕೊಡುವುದಾದರೆ ಎಷ್ಟು, ಯಾವಾಗ ಎಂಬುದನ್ನು ಆಗಲೇ ಹೇಳಿರಿ. ಕೊಡಲಾಗದಿದ್ದರೆ ಅದನ್ನೂ ಆಗಲೇ, ಕಣ್ಣಲ್ಲಿ ಕಣ್ಣಿಟ್ಟು, ಮೆತ್ತಗೆ ಆದರೆ ನೇರವಾಗಿ ಹೇಳಿರಿ. ಪತ್ರವನ್ನು ಮರಳಿ ಆ ಮಗುವಿನ ಕೈಗೇ ಇಡಿರಿ. ಅದು ಮುಂದಿನ ಬಾಗಿಲಿಗೆ ಹೋಗಲಿ. ಹೋಗುವ ದಾರಿಯನ್ನು ಅಡ್ಡಗಟ್ಟದೆ ಬಿಡುವುದೂ ದಾನವೇ. ಅಷ್ಟನ್ನು ಮಾಡಿರಿ ಎಂದು ಕೈಮುಗಿದು ಬೇಡುತ್ತೇನೆ.